ದಿನಕ್ಕೆ ಅರ್ಧ ಗಂಟೆ ಸಾಕು ಅಂದಿದ್ದೆ

ಆಫೀಸ್ ಕೆಲಸದ ಜೊತೆಗೆ ನಾನು ರಾತ್ರಿ ಹೊತ್ತು ಆನ್‌ಲೈನ್‌ನಲ್ಲಿ ಪೈಥಾನ್ ಹೇಳಿಕೊಡುತ್ತೇನೆ. ಕನ್ನಡದಲ್ಲಿ, ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲದವರಿಗೆ. ಹತ್ತು ವಾರ, ಮಂಗಳವಾರ ಮತ್ತು ಗುರುವಾರ ಎಂಟೂವರೆಯಿಂದ ಒಂಬತ್ತೂವರೆ. ಮೊದಲ ಬ್ಯಾಚಿಗೆ 31 ಜನ ಸೇರಿದ್ದರು. ಕೊನೆಯವರೆಗೆ ಉಳಿದವರು 8.

ಬಿಟ್ಟುಹೋದ 23 ಜನರಲ್ಲಿ ಹೆಚ್ಚಿನವರು ಏನೂ ಹೇಳದೆ ಕ್ಲಾಸಿಗೆ ಬರೋದು ನಿಲ್ಲಿಸಿದರು. ಒಬ್ಬರು ಮಾತ್ರ ಫೋನ್ ಮಾಡಿ ಹೇಳಿದರು. ದಾವಣಗೆರೆ ಕಡೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವ ಅಕ್ಕ. ಎರಡು ಮಕ್ಕಳು, ಮನೆಯಲ್ಲಿ ಅತ್ತೆ. ನಾಲ್ಕನೇ ವಾರ ಮುಗಿದ ಭಾನುವಾರ ಫೋನ್ ಬಂತು.

"ಸರ್, ನಾನು ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ. ನನ್ನ ತಲೆಗೆ ಹತ್ತಲ್ಲ ಇದು."

"ಯಾಕೆ ಅಕ್ಕಾ, ಹೋದ ವಾರದ ಲೆಕ್ಕ ಎಲ್ಲಾ ಸರಿ ಮಾಡಿದ್ರಲ್ಲ?"

"ಮಾಡಿದೆ ಸರ್. ಆದ್ರೆ ಈ ವಾರದ್ದು ಮಾಡೋಕೆ ನಾಲ್ಕು ಗಂಟೆ ಹಿಡೀತು. ನೀವು ವಿಡಿಯೊದಲ್ಲಿ ದಿನಕ್ಕೆ ಅರ್ಧ ಗಂಟೆ ಸಾಕು ಅಂದಿದ್ರಿ. ಎಲ್ಲರೂ ಅರ್ಧ ಗಂಟೇಲಿ ಮಾಡೋದನ್ನ ನಾನು ನಾಲ್ಕು ಗಂಟೆ ಮಾಡ್ತಿದ್ದೀನಿ ಅಂದ್ರೆ, ನನಗೆ ಆಗಲ್ಲ ಅಂತಾನೇ ಅರ್ಥ ಅಲ್ವಾ?"

ಫೋನ್ ಇಟ್ಟ ಮೇಲೆ ಆ ವಾರ ಬೇರೆಯವರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಇನ್ನೂ ನಾಲ್ಕೈದು ಜನರನ್ನು ಕೇಳಿದೆ. ಮೂರು ಗಂಟೆ, ನಾಲ್ಕು ಗಂಟೆ, ಒಬ್ಬರಿಗೆ ಐದು. ಅಂದರೆ ಅಕ್ಕನದು ನಿಧಾನ ಅಲ್ಲವೇ ಅಲ್ಲ, ಎಲ್ಲರ ಹಾಗೇ ಇತ್ತು. ತಪ್ಪಿದ್ದು ನಾನು ಹೇಳಿದ ಅಂಕಿ. ಅವರು ಅದನ್ನು ನಂಬಿ, ತಮ್ಮನ್ನೇ ದಡ್ಡಿ ಅಂದುಕೊಂಡರು.

ಮುಂದಿನ ಬ್ಯಾಚಿಗೆ ಮೊದಲು ನಾನು ತಿದ್ದಿದ್ದು ಪಾಠಗಳನ್ನಲ್ಲ, ಆ ಪರಿಚಯದ ವಿಡಿಯೊವನ್ನು. ಸೇರುವ ಮೊದಲು ಎಲ್ಲರೂ ನೋಡುವ ಮೂರ್ನಾಲ್ಕು ನಿಮಿಷದ ವಿಡಿಯೊ ಅದು. ಅದರ ಸ್ಕ್ರಿಪ್ಟ್ ಹೇಗೆ ಬರೆದೆ ಅನ್ನೋದೇ ಈ ವಾರದ ಅಂಕಣ. ನಿಮ್ಮಲ್ಲೂ ಎಷ್ಟೋ ಜನ ಎಕ್ಸೆಲ್, ಡಿಸೈನ್ ಅಂತ ಏನಾದರೂ ಹೇಳಿಕೊಡುತ್ತಿರುತ್ತೀರಿ. ಇನ್ನೂ ಹೆಚ್ಚು ಜನ ಕಲಿಯೋಕೆ ದುಡ್ಡು ಕಟ್ಟುತ್ತಿರುತ್ತೀರಿ. ಇಬ್ಬರಿಗೂ ಇದು ಬೇಕಾಗಬಹುದು.

ಅರ್ಧ ಗಂಟೆ ಎಲ್ಲಿಂದ ಬಂತು?

ನಾನು ಸುಳ್ಳು ಹೇಳಬೇಕು ಅಂತ ಹೇಳಿರಲಿಲ್ಲ. ಲೆಕ್ಕ ಹಾಕಿಯೇ ಹೇಳಿದ್ದೆ. ವಾರಕ್ಕೆ ಎರಡು ಗಂಟೆ ಕ್ಲಾಸ್. ಐದು ಅಭ್ಯಾಸದ ಲೆಕ್ಕಗಳು. ಒಂದೊಂದನ್ನೂ ನಾನೇ ಮಾಡಿ ನೋಡಿದೆ, ತಲಾ ಆರು ನಿಮಿಷ ಆಯಿತು. ಅಲ್ಲಿಗೆ ಅಭ್ಯಾಸ ಅರ್ಧ ಗಂಟೆ, ಎಲ್ಲಾ ಸೇರಿ ಎರಡೂವರೆ. ಧಾರಾಳವಾಗಿ ಮೂರೂವರೆ ಅಂತ ಇಟ್ಟುಕೊಂಡರೂ ದಿನಕ್ಕೆ ಅರ್ಧ ಗಂಟೆಯೇ ಬರುತ್ತೆ.

ಎಂಟು ವರ್ಷ ಇದೇ ಕೆಲಸ ಮಾಡಿದ ಕೈಯಲ್ಲಿ ಅಳೆದೆ, ಅದೇ ತಪ್ಪು. ಹೊಸಬರ ಸಮಯ ಎಲ್ಲಿ ಹೋಗುತ್ತೆ ಅಂತ ಒಂದು ಪುಟ್ಟ ಉದಾಹರಣೆಯಲ್ಲಿ ನೋಡಿ. ಇದು ಎರಡನೇ ವಾರದ ಮೊದಲ ಲೆಕ್ಕ: ಬೆಳಗ್ಗೆ ಮತ್ತು ಸಂಜೆ ಹಾಕಿದ ಹಾಲನ್ನು ಕೂಡಿಸಿ ತೋರಿಸಬೇಕು.

```python
belagge = input("ಬೆಳಗ್ಗೆ ಎಷ್ಟು ಲೀಟರ್? ")
sanje = input("ಸಂಜೆ ಎಷ್ಟು ಲೀಟರ್? ")
print(belagge + sanje)
```

ಬೆಳಗ್ಗೆ 4, ಸಂಜೆ 3 ಅಂತ ಟೈಪ್ ಮಾಡಿದರೆ ಉತ್ತರ 7 ಬರಬೇಕು. ಬರೋದು 43. ಯಾಕೆಂದರೆ `input` ನಾವು ಟೈಪ್ ಮಾಡಿದ್ದನ್ನು ಸಂಖ್ಯೆ ಅಂತ ತಗೊಳ್ಳಲ್ಲ, ಅಕ್ಷರ ಅಂತ ತಗೊಳ್ಳುತ್ತೆ. ಅಕ್ಷರಗಳ ನಡುವೆ ಪ್ಲಸ್ ಹಾಕಿದರೆ ಒಂದರ ಪಕ್ಕ ಒಂದು ಅಂಟಿಸುತ್ತೆ. ಕೊನೆಯ ಸಾಲನ್ನು ಹೀಗೆ ಬದಲಿಸಿದರೆ 7.0 ಬರುತ್ತೆ:

```python
print(float(belagge) + float(sanje))
```

ನನಗೆ ಇದು ಕಣ್ಣಿಗೆ ಬೀಳುವ ಮೊದಲೇ ಕೈ ಸರಿಮಾಡಿಬಿಡುತ್ತೆ. ಹೊಸಬರು ಮೊದಲು ತಾವು ಟೈಪ್ ಮಾಡಿದ್ದು ತಪ್ಪೇನೋ ಅಂತ ನೋಡುತ್ತಾರೆ. ಪ್ಲಸ್ ಚಿಹ್ನೆಯನ್ನು ಅಳಿಸಿ ಮತ್ತೆ ಹಾಕುತ್ತಾರೆ. ಕ್ಲಾಸಿನ ರೆಕಾರ್ಡಿಂಗ್ ಹಾಕಿ ಇಪ್ಪತ್ತು ನಿಮಿಷ ನೋಡುತ್ತಾರೆ. ಇಲ್ಲಿ ಎರರ್ ಕೂಡ ಬರಲ್ಲ. ಪ್ರೋಗ್ರಾಂ ನೆಟ್ಟಗೆ ಓಡಿ ತಪ್ಪು ಉತ್ತರ ಕೊಡುತ್ತೆ, ಹಾಗಾಗಿ ಎಲ್ಲಿ ಹುಡುಕಬೇಕು ಅಂತಾನೇ ಗೊತ್ತಾಗಲ್ಲ. ಒಂದು ಗಂಟೆ ಹೋಗುತ್ತೆ. ಆ ಗಂಟೆ ದಂಡ ಅಲ್ಲ, ಅಕ್ಷರಕ್ಕೂ ಸಂಖ್ಯೆಗೂ ಇರುವ ವ್ಯತ್ಯಾಸ ತಲೆಯಲ್ಲಿ ಕೂರೋದೇ ಆ ಒಂದು ಗಂಟೆಯಲ್ಲಿ. ಆದರೆ ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಗಂಟೆಯನ್ನು ಅಳೆದದ್ದು

ಎರಡನೇ ಬ್ಯಾಚಿಗೆ ಮೊದಲು ಪರಿಚಯದ ಐದು ಜನರಿಗೆ ಹತ್ತು ವಾರ ಫ್ರೀಯಾಗಿ ಹೇಳಿಕೊಟ್ಟೆ. ಒಂದೇ ಶರತ್ತು: ದಿನಾ ಒಂದು ಶೀಟಿನಲ್ಲಿ ನಾಲ್ಕು ಕಾಲಂ ತುಂಬಬೇಕು. ಕ್ಲಾಸಿನಲ್ಲಿ ಕೂತದ್ದು, ನೋಟ್ಸ್ ಅಥವಾ ರೆಕಾರ್ಡಿಂಗ್ ಮತ್ತೆ ನೋಡಿದ್ದು, ಲೆಕ್ಕ ಮಾಡಿದ್ದು, ಸಿಕ್ಕಿಹಾಕಿಕೊಂಡು ಒದ್ದಾಡಿದ್ದು. ನಾಲ್ಕನೇ ಕಾಲಂ ಯಾವ ಕೋರ್ಸಿನ ಜಾಹೀರಾತಿನಲ್ಲೂ ನಾನು ನೋಡಿಲ್ಲ.

ಸಾಮಾನ್ಯ ವಾರ ಹೀಗಿತ್ತು: ಕ್ಲಾಸ್ ಎರಡು ಗಂಟೆ, ಮತ್ತೆ ನೋಡಿದ್ದು ಒಂದು ಗಂಟೆ, ಲೆಕ್ಕ ಎರಡೂವರೆ, ಒದ್ದಾಟ ಒಂದೂವರೆ. ಒಟ್ಟು ಏಳು. ಐದು ಜನರ ನಡುವೆ ಆರರಿಂದ ಎಂಟರವರೆಗೆ ಹೆಚ್ಚುಕಮ್ಮಿ ಇತ್ತು. ಎರಡು ವಾರ ಮಾತ್ರ ಎಲ್ಲರಿಗೂ ಒಂಬತ್ತು-ಹತ್ತು ಗಂಟೆ ಹಿಡಿಯಿತು. ಒಂದು ನಾಲ್ಕನೇ ವಾರ. ಅಲ್ಲಿ ಲೂಪ್ ಬರುತ್ತೆ, ಅಂದರೆ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದು. ಇನ್ನೊಂದು ಆರನೇ ವಾರ, ಫಂಕ್ಷನ್ ಬರೆಯೋದು. ಎಂಟು ವಾರಕ್ಕೆ ಏಳರಂತೆ 56, ಎರಡು ವಾರಕ್ಕೆ ಒಂಬತ್ತೂವರೆಯಂತೆ 19, ಒಟ್ಟು 75 ಗಂಟೆ. ಅದರಲ್ಲಿ ನಾನು ಪಾಠ ಮಾಡೋದು ಬರೀ 20.

ಮೊದಲ ವಾರ ಇನ್ನೊಂದು ವಿಷಯ ಸಿಕ್ಕಿತು. ಪಾಠ ಶುರುವಾಗುವ ಮೊದಲೇ ಇಬ್ಬರಿಗೆ ಇನ್‌ಸ್ಟಾಲ್ ಮಾಡೋದರಲ್ಲೇ ಒಂದು ಸಂಜೆ ಹೋಯಿತು. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಮೊದಲ ಪರದೆಯ ಕೆಳಗೆ `Add python.exe to PATH` ಅಂತ ಒಂದು ಚೌಕ ಇರುತ್ತೆ. ಅದನ್ನು ಟಿಕ್ ಮಾಡದಿದ್ದರೆ ಆಮೇಲೆ `python` ಅಂತ ಟೈಪ್ ಮಾಡಿದಾಗ ಕಂಪ್ಯೂಟರಿಗೆ ಅದು ಎಲ್ಲಿದೆ ಅಂತ ಗೊತ್ತಾಗಲ್ಲ. ಹಾಗಾಗಿ ಈಗ ಥಾನಿ ಬಳಸುತ್ತೇನೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಮಾಡಿದ ಎಡಿಟರ್ ಅದು; ಪೈಥಾನ್ ಅದರೊಳಗೇ ಬರುತ್ತೆ, ಈ ತಾಪತ್ರಯ ಇಲ್ಲ.

'ಪೈಥಾನ್ ಬರುತ್ತೆ' ಅಂದರೆ ಏನು?

ಹಳೆಯ ಸ್ಕ್ರಿಪ್ಟಿನಲ್ಲಿ ಇನ್ನೊಂದು ಸಾಲಿತ್ತು: "ಕೋರ್ಸ್ ಮುಗಿಯುವ ಹೊತ್ತಿಗೆ ನಿಮಗೆ ಪೈಥಾನ್ ಬರುತ್ತೆ." ಇದರಲ್ಲಿ ಸುಳ್ಳಿಲ್ಲ, ಆದರೆ ಹುರುಳೂ ಇಲ್ಲ. ಒಬ್ಬರು ಇದನ್ನು ಕೇಳಿ ಆ್ಯಪ್ ಮಾಡಬಹುದು ಅಂದುಕೊಂಡರು, ಇನ್ನೊಬ್ಬರು ಕೆಲಸ ಸಿಗುತ್ತೆ ಅಂದುಕೊಂಡರು.

ರಾಬರ್ಟ್ ಮೇಗರ್ ಅಂತ ಅಮೆರಿಕದ ಶಿಕ್ಷಣ ತಜ್ಞರು 1962ರಲ್ಲಿ ಇದಕ್ಕೊಂದು ಸರಳ ಕ್ರಮ ಹೇಳಿದ್ದರು. ಕಲಿಕೆಯ ಗುರಿ ಬರೆಯುವಾಗ ಮೂರು ವಿಷಯ ಇರಬೇಕು: ಕಲಿತವರು ಏನು ಮಾಡಿ ತೋರಿಸುತ್ತಾರೆ, ಯಾವ ಪರಿಸ್ಥಿತಿಯಲ್ಲಿ, ಎಷ್ಟರಮಟ್ಟಿಗೆ ಮಾಡಿದರೆ ಸಾಕು. 'ಬರುತ್ತೆ', 'ಅರ್ಥವಾಗುತ್ತೆ' ಅನ್ನುವ ಪದಗಳು ಈ ಜರಡಿಯಲ್ಲಿ ನಿಲ್ಲೋದಿಲ್ಲ, ಯಾಕೆಂದರೆ ಅವನ್ನು ಯಾರೂ ಪರೀಕ್ಷೆ ಮಾಡಿ ನೋಡೋಕಾಗಲ್ಲ.

ನನ್ನ ಸಾಲನ್ನು ಆ ಜರಡಿಗೆ ಹಾಕಿದೆ. ಏನು ಮಾಡುತ್ತಾರೆ? ಹಾಲಿನ ಲೆಕ್ಕದ ಫೈಲ್ ಓದಿ ಪ್ರತಿ ಸದಸ್ಯರ ತಿಂಗಳ ಒಟ್ಟು ಲೀಟರ್ ಬರುವ ಪ್ರೋಗ್ರಾಂ ಬರೆಯುತ್ತಾರೆ. ಯಾವ ಪರಿಸ್ಥಿತಿಯಲ್ಲಿ? ಒಬ್ಬರೇ ಕೂತು, ನೋಟ್ಸ್ ನೋಡಿಕೊಂಡು. ಎಷ್ಟರಮಟ್ಟಿಗೆ? ಎರಡು ಗಂಟೆಯೊಳಗೆ, ಕೈಲೆಕ್ಕಕ್ಕೆ ತಾಳೆಯಾಗುವ ಹಾಗೆ. ಹೀಗೆ ಬರೆದ ಕೂಡಲೇ ಕೋರ್ಸು ಮೊದಲಿಗಿಂತ ಸಣ್ಣದಾಗಿ ಕಂಡಿತು, ಒಪ್ಪಿಕೊಳ್ಳೋಕೆ ಕಷ್ಟವಾಯಿತು. ಆದರೆ 75 ಗಂಟೆಯಲ್ಲಿ ಆಗುವುದು ಅಷ್ಟೇ.

ಸ್ಕ್ರಿಪ್ಟ್

ವಿಡಿಯೊ ಎಷ್ಟುದ್ದ ಇರಬೇಕು ಅನ್ನೋದಕ್ಕೆ ಒಂದು ಆಧಾರ ಇತ್ತು. ಎಡ್‌ಎಕ್ಸ್ ಕೋರ್ಸುಗಳ ವಿಡಿಯೊಗಳನ್ನು ಜನ ಹೇಗೆ ನೋಡುತ್ತಾರೆ ಅಂತ 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದ್ದರು. ವಿಡಿಯೊ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ನೋಡುಗರು ಆರು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಹಾಗಾಗಿ ನಾಲ್ಕು ನಿಮಿಷದೊಳಗೆ ಮುಗಿಸಬೇಕು, ಕಹಿ ಮಾತುಗಳನ್ನು ಕೊನೆಗೆ ತಳ್ಳಬಾರದು ಅಂತ ಮಾಡಿಕೊಂಡೆ. ಬರೆದು ಮುಗಿಸಿದ್ದು ಇದು:

"ನಮಸ್ಕಾರ. ಸ್ಕ್ರೀನ್ ಮೇಲೆ ಒಂದು ಪ್ರೋಗ್ರಾಂ ಇದೆ ನೋಡಿ. ಬೆಳಗ್ಗೆ ನಾಲ್ಕು ಲೀಟರ್ ಹಾಲು, ಸಂಜೆ ಮೂರು ಲೀಟರ್. ಕೂಡಿಸು ಅಂದೆ. ನಲವತ್ಮೂರು ಅಂತಿದೆ. ಇಂಥದ್ದನ್ನು ನೋಡಿ, ಯಾಕೆ ಹೀಗಾಯ್ತು ಅಂತ ಹುಡುಕಿ, ಸರಿಮಾಡೋದು. ಈ ಕೋರ್ಸಿನಲ್ಲಿ ನಿಮ್ಮ ಹೆಚ್ಚಿನ ಸಮಯ ಇದರಲ್ಲೇ ಹೋಗುತ್ತೆ. ಇದು ನಿಮಗೆ ಕಿರಿಕಿರಿ ಅನ್ನಿಸಿದರೆ ಸಹಜ. ಸ್ವಲ್ಪ ಕುತೂಹಲನೂ ಅನ್ನಿಸಿದರೆ ಮುಂದೆ ನೋಡಿ.

"ಮೊದಲು ಸಮಯದ ಮಾತು. ವಾರಕ್ಕೆ ಏಳು ಗಂಟೆ ಬೇಕು. ಎರಡು ಗಂಟೆ ಕ್ಲಾಸ್, ಉಳಿದ ಐದು ನೀವೇ ಕೂತು ಮಾಡೋದು. ನಾಲ್ಕನೇ ವಾರ ಮತ್ತು ಆರನೇ ವಾರ ಒಂಬತ್ತರಿಂದ ಹತ್ತು ಗಂಟೆ ಬೇಕಾಗುತ್ತೆ. ಆಫೀಸಿಗೆ ಹೋಗುವವರು ಹೀಗೆ ಹೊಂದಿಸಬಹುದು: ಮಂಗಳವಾರ, ಗುರುವಾರ ಕ್ಲಾಸ್. ಬುಧವಾರ, ಶುಕ್ರವಾರ ಅರ್ಧರ್ಧ ಗಂಟೆ. ಶನಿವಾರ ಬೆಳಗ್ಗೆ ಎರಡೂವರೆ ಗಂಟೆ, ಭಾನುವಾರ ಒಂದೂವರೆ. ಈಗಲೇ ಕ್ಯಾಲೆಂಡರ್ ತೆಗೆದು, ಮುಂದಿನ ಶನಿವಾರ ಆ ಎರಡೂವರೆ ಗಂಟೆ ಎಲ್ಲಿದೆ ಅಂತ ನೋಡಿ. ಕಾಣಿಸದಿದ್ದರೆ ಈ ಬ್ಯಾಚ್ ಬಿಟ್ಟು ಮುಂದಿನದಕ್ಕೆ ಬನ್ನಿ.

"ಕೊನೆಗೆ ಏನು ಸಿಗುತ್ತೆ? ಹತ್ತನೇ ವಾರ ನಿಮಗೆ ಒಂದು ಡೇರಿಯ ತಿಂಗಳ ಲೆಕ್ಕದ ಫೈಲ್ ಕೊಡ್ತೀನಿ. ನೋಟ್ಸ್ ನೋಡಿಕೊಂಡು, ಎರಡು ಗಂಟೆಯೊಳಗೆ, ಯಾರ ಸಹಾಯವೂ ಇಲ್ಲದೆ, ಪ್ರತಿ ಸದಸ್ಯರ ಒಟ್ಟು ಲೀಟರ್ ತೋರಿಸುವ ಪ್ರೋಗ್ರಾಂ ಬರೀತೀರಿ. ಅಷ್ಟು. ಆ್ಯಪ್ ಮಾಡೋದು, ವೆಬ್‌ಸೈಟ್ ಮಾಡೋದು ಇದರಲ್ಲಿ ಇಲ್ಲ. ಇದೊಂದರಿಂದ ಸಾಫ್ಟ್‌ವೇರ್ ಕೆಲಸ ಸಿಗಲ್ಲ. ಮೂರು ತಿಂಗಳಲ್ಲಿ ಕೆಲಸ ಬೇಕು ಅಂತ ಇದ್ದರೆ ದಯವಿಟ್ಟು ದುಡ್ಡು ಕಟ್ಟಬೇಡಿ.

"ಏನು ಬೇಕು? ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್. ನಾಲ್ಕು ಜಿಬಿ ರ್‍ಯಾಮ್ ಇರುವ ಹಳೇದಾದರೂ ನಡೆಯುತ್ತೆ. ಬರೀ ಮೊಬೈಲ್ ಇದ್ದರೆ ಆಗಲ್ಲ. ಪಾಠ ನೋಡಬಹುದು, ಅಭ್ಯಾಸ ಮಾಡೋಕಾಗಲ್ಲ. ಗಣಿತ ಏಳನೇ ಕ್ಲಾಸಿನಷ್ಟು ಸಾಕು. ಇಂಗ್ಲಿಷ್ ಎರರ್ ಮೆಸೇಜ್ ಓದೋದನ್ನು ನಾನು ಹೇಳಿಕೊಡ್ತೀನಿ.

"ಸಿಕ್ಕಿಹಾಕಿಕೊಳ್ತೀರಿ, ಎಲ್ಲರೂ ಸಿಕ್ಕಿಹಾಕಿಕೊಳ್ತಾರೆ. ಅರ್ಧ ಗಂಟೆ ಒಬ್ಬರೇ ಪ್ರಯತ್ನ ಮಾಡಿ. ಆಮೇಲೂ ಆಗದಿದ್ದರೆ ಗ್ರೂಪಿನಲ್ಲಿ ಮೂರು ವಿಷಯ ಹಾಕಿ: ನಿಮ್ಮ ಕೋಡ್, ಏನು ಬರಬೇಕಿತ್ತು, ಏನು ಬಂತು. ಮಾರನೇ ದಿನ ರಾತ್ರಿಯೊಳಗೆ ಉತ್ತರ ಕೊಡ್ತೀನಿ. ಅದಕ್ಕಿಂತ ಬೇಗ ಕೊಡ್ತೀನಿ ಅಂತ ಹೇಳಲ್ಲ, ನನಗೂ ಆಫೀಸ್ ಇದೆ.

"ಹಿಂದಿನ ಬ್ಯಾಚಿನಲ್ಲಿ 31 ಜನ ಸೇರಿದ್ದರು, 8 ಜನ ಮುಗಿಸಿದರು. ತಪ್ಪಿನಲ್ಲಿ ಒಂದು ಪಾಲು ನನ್ನದು, ಸಮಯ ಕಡಿಮೆ ಹೇಳಿದ್ದೆ. ಎರಡನೇ ವಾರದ ಭಾನುವಾರದವರೆಗೆ ಸೇರಿ ನೋಡಿ. ಬೇಡ ಅನ್ನಿಸಿದರೆ ಪೂರ್ತಿ ದುಡ್ಡು ವಾಪಸ್, ಕಾರಣ ಕೇಳಲ್ಲ."

ಹಾಲಿನ 43 ಮೊದಲೇ ಬರುವುದಕ್ಕೆ ಕಾರಣ ಇದೆ. ಎರಡನೇ ವಾರ ಏನು ಕಾಡುತ್ತೋ ಅದನ್ನು ಮೊದಲ ಅರ್ಧ ನಿಮಿಷದಲ್ಲೇ ನೋಡಿದವರಿಗೆ, ಮುಂದೆ ತಮ್ಮ ಮನೆಯಲ್ಲಿ ಅದೇ ಆದಾಗ ಅಪಶಕುನ ಅನ್ನಿಸಲ್ಲ. ದುಡ್ಡು ವಾಪಸ್ಸಿನ ಗಡುವನ್ನು ಎರಡನೇ ಭಾನುವಾರಕ್ಕೆ ಇಟ್ಟದ್ದೂ ಅದಕ್ಕೇ. ಮೊದಲ ವಾರ ಎಲ್ಲಾ ಸಲೀಸು. ನಿಜವಾದ ಒದ್ದಾಟದ ರುಚಿ ಸಿಗೋದು ಎರಡನೇ ವಾರ. ಅದನ್ನು ನೋಡಿದ ಮೇಲೆ ತೀರ್ಮಾನ ಮಾಡೋಕೆ ಅವಕಾಶ ಇರಬೇಕು.

ರೆಕಾರ್ಡ್ ಮಾಡುವ ಮೊದಲು ಸ್ಕ್ರಿಪ್ಟನ್ನು ಡೇರಿಯ ಅಕ್ಕನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಎಲ್ಲಾ ಸರಿ ಇದೆ ಸರ್. ಆದ್ರೆ ನಾಲ್ಕನೇ ವಾರ ಹತ್ತು ಗಂಟೆ ಅಂತ ಮಾತ್ರ ಹೇಳಿದ್ದೀರಿ. ಅದು ಎಲ್ಲರಿಗೂ ಹಂಗೇ ಆಗುತ್ತೆ ಅಂತನೂ ಹೇಳಿ. ಗಂಟೆ ಎಷ್ಟು ಅನ್ನೋದಕ್ಕಿಂತ ನಮಗೆ ಅದೇ ಬೇಕಾಗಿರೋದು." ಹತ್ತು ಗಂಟೆಯ ಸಾಲಿನ ಮುಂದೆ ಸೇರಿಸಿದೆ: "ಇದು ನಿಧಾನ ಇರುವವರ ಲೆಕ್ಕ ಅಲ್ಲ. ಇಲ್ಲಿಯವರೆಗೆ ನಾಲ್ಕನೇ ವಾರ ಎಲ್ಲರಿಗೂ ಹೀಗೇ ಆಗಿದೆ."

ವಿಡಿಯೊ ಹಾಕಿದ ಮೇಲೆ ಸೇರಿದವರು 14 ಜನ. ಮೊದಲ ಬ್ಯಾಚಿನ ಅರ್ಧಕ್ಕಿಂತ ಕಮ್ಮಿ. ಫೀಸಿನ ಲೆಕ್ಕದಲ್ಲಿ ನನಗೆ ಚೆನ್ನಾಗಿಯೇ ಹೊಡೆತ ಬಿತ್ತು. ಬಾಡಿಗೆ, ಇಎಂಐ ಎಲ್ಲಾ ಇರುವವನಿಗೆ ಅದು ಸಣ್ಣ ಮಾತಲ್ಲ. ಎರಡನೇ ವಾರ ಇಬ್ಬರು ದುಡ್ಡು ವಾಪಸ್ ತಗೊಂಡರು. ಆಮೇಲೆ ಮೂರು ಜನ ಬಿಟ್ಟರು, ಮೂವರೂ ಹೇಳಿಯೇ ಬಿಟ್ಟರು: ಒಬ್ಬರಿಗೆ ನೈಟ್ ಶಿಫ್ಟ್ ಬಂತು, ಒಬ್ಬರ ಮನೆಯಲ್ಲಿ ಮದುವೆ, ಒಬ್ಬರಿಗೆ ಇಷ್ಟವಾಗಲಿಲ್ಲ. ಉಳಿದ 9 ಜನ ಹತ್ತನೇ ವಾರದ ಫೈಲ್ ಮುಗಿಸಿದರು.

ಆ ಒಂಬತ್ತರಲ್ಲಿ ಡೇರಿಯ ಅಕ್ಕನೂ ಇದ್ದರು. ಹಿಂದೆ ಕಟ್ಟಿದ ಫೀಸಿನಲ್ಲೇ ಮತ್ತೆ ಬನ್ನಿ ಅಂತ ಕರೆದಿದ್ದೆ. ನಾಲ್ಕನೇ ವಾರದ ಭಾನುವಾರ ರಾತ್ರಿ ಹತ್ತೂಕಾಲಿಗೆ ಅವರ ಮೆಸೇಜ್ ಬಂತು. ಹೋದ ಸಲದ ಫೋನ್ ನೆನಪಾಗಿ ಸ್ವಲ್ಪ ಹೆದರಿಕೊಂಡೇ ತೆಗೆದೆ.

"ಐದೂ ಆಯ್ತು ಸರ್. ಒಟ್ಟು ಒಂಬತ್ತು ಗಂಟೆ ಹಿಡೀತು. ನೀವು ಹೇಳಿದ್ದಕ್ಕಿಂತ ಒಂದು ಗಂಟೆ ಕಮ್ಮಿ."